ಹರಿಗೋಲಿನಜ್ಜನ ರಗಳೆ

(ಹಂಪೆಯ ಜೋಡಿ ರಥೋತ್ಸವದ ಇರುಳು ಹೊಳೆದಂಡೆಯಲ್ಲಿ ವಾಚಿಸಲು ಬರೆದದ್ದು. ಹರಿಹರನ ಶರಣರ ಕಥೆಗಳಲ್ಲಿರುವಂತೆ ಪದ್ಯಸ್ಥಲದ ನಡುವೆ ಗದ್ಯಸ್ಥಲ ಬರುತ್ತದೆ. ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ. ಪ್ರಾಸವನ್ನು ಕೈಬಿಟ್ಟು ಲಯವನ್ನಷ್ಟೇ ಉಳಿಸಿಕೊಂಡಿದೆ. ಗದ್ಯವನ್ನು ಓದಬೇಕು, ಹಾಡಬಾರದು.)

ಪದ್ಯ

ಹಂಪೆಯ ವಿರೂಪಾಕ್ಷ, ಪಂಪೆಯ ಮನೋನಾಥ,
ತುಂಗಭದ್ರೆಯ ದಂಡೆಯಲಿ ನಿಂತ ಮುಕ್ಕಣ್ಣ,
ತಲೆಕೆಳಗು ಗೋಪುರದ ನೆಳಲ ಕಂಡಚ್ಚರಿಯ
ಪಟ್ಟವರು ಪಡಲಿ, ನಾನವರ ಕಥೆ ಹೇಳೆನು.
ಕಲ್ಲುರಥವನು ಹೊಗಳೆ, ಕಂಬಗಳ ನುಡಿಸೆನು.
ಹೊಳೆಯ ನಡುನೀರಿನಲಿ ಹುಟ್ಟುಹಾಕುತ ನಿನ್ನ
ನೆನೆದವನ, ನೆನೆವುದನು ಮರೆತು ನಿನಗಾದವನ,
ಬಿದಿರ ಹರಿಗೋಲಿನಂಬಿಗನ ಕಥೆ ಹೇಳುವೆನು.
ಕರಣಿಕನ ಕೆಲಸವನು ಬಿಟ್ಟು ಬಂದವನೊಬ್ಬ
ಹರಿಹರನು ನಿನ್ನೆದುರೆ ಶರಣರನು ಹಾಡಿದನು;
ಅವನ ಹೊತ್ತಗೆಯಲ್ಲಿ ಎಡೆಯಿಲ್ಲದವನಿವನು,
ಎಂಟುನೂರು ವರುಷದ ತರುವಾಯ ಬಂದವನು.
ಹೆಸರ ಕೇಳಲು ಬೇಡ, ನಿನಗದು ತಿಳಿದಿಹುದು,
ಊರಿನವರಿಗೆ ಬರಿಯ ಹರಿಗೋಲಿನಜ್ಜನು.

ಗದ್ಯ

ಆ ಅಜ್ಜನು ಮಾತಂಗ ಪರ್ವತದ ನೆತ್ತಿ ಕೆಂಪಾಗುವ ಮುನ್ನವೇ ಎದ್ದು, ಹೊಳೆಗಿಳಿದು ಮೂರು ಮುಳುಗು ಹಾಕಿ, ಒದ್ದೆ ಪಂಚೆಯಲ್ಲೇ ಬಂದು, ಬಂಡೆಯ ಮೇಲೆ ಬೋರಲು ಹಾಕಿದ್ದ ಹರಿಗೋಲನ್ನು ಬೆರಳಿನಿಂದ ತಟ್ಟಿ ನೋಡುವನು. ಬಿದಿರು ಸೀಳುಗಳ ಹೆಣಿಗೆ ಎಲ್ಲಿ ಸಡಿಲಿತು, ತಳಕ್ಕೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಎಲ್ಲಿ ಹರಿಯಿತು, ಡಾಂಬರು ಎಲ್ಲಿ ಬಿರಿಯಿತು ಎಂದು ಸದ್ದಿನಲ್ಲೇ ತಿಳಿಯುವನು. ತೊಗಲು ಹೊದಿಸುತ್ತಿದ್ದ ಕಾಲವನ್ನು ಅವನ ತಾತ ಕಂಡಿದ್ದ. ಇವನಿಗೆ ಡಾಂಬರಿನ ವಾಸನೆಯೇ ಧೂಪ. ಅದನ್ನು ಕಾಯಿಸಿ ಬಿರುಕಿಗೆ ಬಳಿಯುತ್ತ, ಬಳಿದ ಕಡೆಯೆಲ್ಲ ಬೆರಳೊತ್ತುತ್ತ, ಒತ್ತಿದಾಗಲೆಲ್ಲ ಶಿವಾ ಎನ್ನುತ್ತ, ಬೆರಳು ಸುಟ್ಟರೂ ಅದನ್ನೇ ಎನ್ನುತ್ತ, ಕೆಲಸ ಮುಗಿಸಿ ಗೋಪುರದ ಕಡೆಗೊಮ್ಮೆ ಕೈಯೆತ್ತುವನು. ಅಷ್ಟೇ ಅವನ ಪೂಜೆ. ಗುಡಿಯೊಳಗೆ ಹೋಗಲು ಅವನಿಗೆ ಬಿಡುವೆಲ್ಲಿ? ವಿರೂಪಾಪುರ ಗಡ್ಡೆಯ ದಡದಿಂದ ಯಾರೋ ಆಗಲೇ ಕೂಗುತ್ತಿರುವರು.

ಅವನದೊಂದು ಕಟ್ಟುನಿಟ್ಟು. ಆಳಿಗೆ ಹತ್ತು ರೂಪಾಯಿ. ಹೆರಿಗೆಗೆ ಹೊರಟವಳಿಗೂ ಹೆಣ ಹೊತ್ತವರಿಗೂ ಬಿಟ್ಟಿ; ಉಳಿದಂತೆ ಕಾವಿಯಾಗಲಿ ಖಾಕಿಯಾಗಲಿ ಹತ್ತು ರೂಪಾಯಿ. ದೊಡ್ಡ ಮಠವೊಂದರ ಸ್ವಾಮಿಗಳು ಹರಸಿ ಇಳಿಯಲು ಹೋದಾಗ, “ಹರಕೆ ಬೇರೆ, ಬಾಡಿಗೆ ಬೇರೆ ಬುದ್ಧಿ” ಎಂದು ನಯವಾಗಿ ಕೈಯೊಡ್ಡಿದವನು. “ಶಿವನೇ ಬಂದರೆ?” ಎಂದು ಹುಡುಗರು ಕೆಣಕಿದರೆ, “ಅವನಿಗೂ ಹತ್ತೇ, ಎತ್ತನ್ನು ತಂದರೆ ಈಜಿಸಿಕೊಂಡು ಬರಲಿ” ಎನ್ನುವನು. ಹೊಳೆಯ ನಡುವೆ, ಯಾರೂ ಇಲ್ಲದ ಮರುದಾರಿಯಲ್ಲಿ, ಅವನು ದೇವರೊಡನೆ ಹೀಗೆ ಜಗಳವಾಡುತ್ತಿದ್ದನು:

ಪದ್ಯ

ಬಾ ಗಂಗೆಯನು ತಲೆಯ ಮೇಲಿಟ್ಟುಕೊಂಡವನೆ,
ನೀರ ಭಾರವು ನಿನಗೆ ಗೊತ್ತಿರಲು ಬೇಕಲ್ಲ!
ತಲೆಯಲ್ಲಿ ಹೊತ್ತವನು ನೀನಾದರೇನಯ್ಯ,
ತೋಳಿನಲಿ ಹೊತ್ತವನು ನಾನಲ್ಲವೇ ಹೇಳು.
ಸುಳಿ ತಿರುಗಿದರೆ ತಿರುಗಿ ಸುಳಿಯ ಮೈ ತಪ್ಪಿಸುತ,
ಬಂಡೆ ಬಂದರೆ ಬಂಡೆಗೊಂದು ಕೈ ಮುಗಿಯುತ್ತ,
ಆಚೆ ಗಡ್ಡೆಯ ದಡಕೆ ಅಜ್ಜಿಯನು ದಾಟಿಸಿದೆ,
ಅವಳ ಕೈಚೀಲವನು, ಚೀಲದೊಳ ಕೋಳಿಯನು,
ಹಿಪ್ಪಿಯನು, ಕಿನ್ನರಿಯ ಜೋಗಿಯನು, ಸೈಕಲನು.
ಎಲ್ಲರ ಮುಖದಲಿ ಮೂರನೆ ಕಣ್ಣ ಹುಡುಕಿದೆನು;
ಕಂಡದ್ದು ಎರಡೆರಡೆ, ಆದರೂ ಬಿಡಲಿಲ್ಲ.
ಯಾವನಲಿ ನೀನು ಮರೆಯಾಗಿರುವೆಯೋ ಎಂದು
ಎಲ್ಲರನು ಮೆಲ್ಲಗೆಯೆ ದಡಕೆ ಮುಟ್ಟಿಸುತಿದ್ದೆ,
ಎಲ್ಲರಿಂದಲು ಕಾಸು ಎಣಿಸಿ ಪಡೆಯುತಲಿದ್ದೆ.
ಬಿಟ್ಟಿ ದಾಟಿಸಿದವನು ಭಕ್ತನೆನಿಸುವನೇನು?
ಹಮ್ಮು ಬರುವುದು ಶಿವನೆ, ಹುಟ್ಟಿಗೂ ತೋಳಿಗೂ.
ಕಾಸು ಕೈಗಿತ್ತವನು ಹಂಗು ಹರಿದಿಳಿಯುವನು;
ನಾನವಗೆ, ಅವನೆನಗೆ ಋಣವಿಲ್ಲದಂತಾಗಿ
ನಿನಗೊಬ್ಬನಿಗೆ ಮಾತ್ರ ಉಳಿಯುವೆನು ಸಾಲದಲಿ.

ಗದ್ಯ

ಹೀಗಿರಲು ಒಂದು ಶ್ರಾವಣದಲ್ಲಿ ಮಲೆನಾಡಿನ ಮಳೆ ಹಿಡಿದದ್ದು ಬಿಡಲಿಲ್ಲ. ಗಂಗಾಮೂಲದ ಎರಡು ಹೊಳೆಗಳು ಕೂಡಲಿಯಲ್ಲಿ ಕೈಹಿಡಿದು, ಕೆಮ್ಮಣ್ಣು ಕಲಸಿಕೊಂಡು ಓಡಿಬಂದವು. ಅಣೆಕಟ್ಟೆಯ 33 ಗೇಟುಗಳನ್ನೂ ಎತ್ತಿದರೆಂಬ ಸುದ್ದಿ ನೀರಿಗಿಂತ ಮೊದಲು ಮೊಬೈಲಿನಲ್ಲಿ ಬಂತು. ಬೆನ್ನಿಗೇ ನೀರೂ ಬಂತು. ಸ್ನಾನಘಟ್ಟದ ಮೆಟ್ಟಿಲುಗಳು ಒಂದೊಂದಾಗಿ ಕಾಣೆಯಾದವು. ಪುರಂದರ ಮಂಟಪ ಸೊಂಟದವರೆಗೆ, ಎದೆಯವರೆಗೆ, ಕಡೆಗೆ ನೆತ್ತಿಯವರೆಗೆ ಮುಳುಗಿತು. ಯಾರೂ ಹೊಳೆಗೆ ಇಳಿಯಬಾರದೆಂದು ಪೊಲೀಸರು ಕೂಗಿ ಹೋದರು. ಕೂಗದಿದ್ದರೂ ಅಜ್ಜ ಇಳಿಯುವವನಲ್ಲ. ಹೊಳೆಗೆ ಹೆದರದವನನ್ನು ಅವನು ಅಂಬಿಗನೆಂದು ಕರೆಯುತ್ತಿರಲಿಲ್ಲ. ಹರಿಗೋಲನ್ನು ಬೆನ್ನಮೇಲೆ ಹೊತ್ತು ಮೇಲಿನ ಬಂಡೆಗೆ ತಂದು, ಕಲ್ಲುಗಂಬಕ್ಕೆ ಬಿಗಿದು, ಕಂಬಳಿ ಹೊದ್ದು ಅದರ ಮಗ್ಗುಲಲ್ಲೇ ಕುಳಿತನು.

ಪದ್ಯ

ಸಂಜೆ ಕಪ್ಪಾಗಿರಲು ಬಂದನೊಬ್ಬನು ಜೋಗಿ,
ಬೂದಿ ಮೈ, ಕೆಂಜೆಡೆಯು, ಸೊಂಟದಲಿ ತೊಗಲೊಂದು.
“ಅಜ್ಜ, ದಾಟಿಸು ನನ್ನ, ಆಚೆಯಲಿ ಕಾದಿಹಳು
ಹೆಂಡತಿಯು, ತಡವಾದರವಳು ಮುನಿಯುವಳೆಂದ.”
“ಮುನಿದವಳ ಸಂತೈಸಬಹುದಯ್ಯ, ಮುಳುಗಿದರೆ
ಅವಳನ್ನು ಸಂತೈಸಲಾರಿಂದಲಾಗುವುದು?
ನೀರಿಳಿವ ತನಕ ಕೂರೆಂದು” ಕಂಬಳಿ ಕೊಟ್ಟ.
ಕೇಳಿದಷ್ಟನು ಕೊಡುವೆನೆಂದರೂ ಒಪ್ಪದಿರೆ
ಜಡೆ ಕೊಡವಿ ನಿಂತನಾ ಜೋಗಿ, ನೊಸಲಿನ ನಡುವೆ
ಕಣ್ಣೊಂದು ಬಿಚ್ಚಿತು, ಹೊಳೆಯ ತುಂಬ ಬೆಳಕಾಯ್ತು.
ಸುಳಿ ಸುಳಿಯು ಕಂಡಿತು, ಮುಳುಗಿದ ಮಂಟಪದ ತುದಿ
ಕಂಡಿತು, ಬೆದರಲಿಲ್ಲ ಅಜ್ಜನೆದೆ ಒಂದಿಷ್ಟು.
“ಮೂರು ಕಣ್ಣಿದ್ದು ನೀರಿನ ಸೆಳೆತ ಕಾಣದೇ?
ಎರಡರಲಿ ನನಗೆ ಕಾಣುತ್ತಲಿದೆ ಚೆನ್ನಾಗಿ.
ಕಣ್ಣ ಮುಚ್ಚಪ್ಪ ಶಿವ, ಮೀನೆಲ್ಲ ಬೆಚ್ಚುವವು.
ರೊಟ್ಟಿಯಿದೆ, ಪುಂಡಿಪಲ್ಯವು ಉಂಟು, ಉಂಡುಬಿಡು;
ನಂಜನುಂಡವಗೆ ಇದು ಖಾರವಾದೀತೇನು?”
ಉಂಡನಾ ಮೂಜಗದ ಒಡೆಯ ಬೆರಳನು ನೆಕ್ಕಿ;
ಕಂಬಳಿಯ ಅರೆಪಾಲು ಹೊದ್ದು ಮಲಗಿದನಲ್ಲಿ.
ಮೂರು ದಿನ ನೀರಿಳಿಯಲಿಲ್ಲ, ಮೂರೂ ದಿನವು
ಗರ್ಭಗುಡಿಯಲಿ ಪೂಜೆ ನಡೆದಿತ್ತು ಎಂದಿನೊಲು.
ದೇವನಲ್ಲಿರಲಿಲ್ಲ, ಗಂಟೆಗದು ತಿಳಿದಿತ್ತು.

ಗದ್ಯ

ನಾಲ್ಕನೆಯ ಬೆಳಗಿನಲ್ಲಿ ಗೇಟುಗಳನ್ನು ಇಳಿಸಿದರು. ಕೆಂಪು ನೀರು ತಿಳಿಯಾಗುತ್ತ ಬಂತು, ಮಂಟಪದ ಕಂಬಗಳು ಕೆಸರು ಮೆತ್ತಿಕೊಂಡು ಹೊರಬಂದವು. ಅಜ್ಜನು ಹರಿಗೋಲನ್ನು ತಟ್ಟಿ ನೋಡಿ, ನೀರಿಗಿಳಿಸಿ, ಜೋಗಿಯನ್ನು ನಟ್ಟನಡುವೆ ಕೂರಿಸಿ, “ಅಲುಗಾಡಬೇಡ, ತಾಂಡವಗೀಂಡವ ಎಲ್ಲ ಆಚೆ ದಡದಲ್ಲಿ” ಎಂದು ಗದರಿಸಿ, ಹುಟ್ಟು ಹಾಕಿದನು. ದಡ ಮುಟ್ಟಿತು.

ಪದ್ಯ

ಕಾಸೆಲ್ಲಿ ಎಂದನಜ್ಜನು ಕೈಯ ಚಾಚುತ್ತ;
ಹುಡುಕಿದನು ಶಿವ ಸೊಂಟ, ಹಾವಿತ್ತು, ಹಣವಿಲ್ಲ.
ಕೈಲಾಸಕೇ ಬಾರೊ, ಅದೆ ನಿನ್ನ ಕೂಲಿ ಎನೆ
ನಗುತಜ್ಜ ಕೇಳಿದನು: ಹೊಳೆಯಿದೆಯೆ ಅಲ್ಲೆಂದು.
“ಇಲ್ಲ ಹೊಳೆ, ಎಲ್ಲರೂ ದಾಟಿದವರೇ ಅಲ್ಲಿ.”
“ದಾಟದವರಿಲ್ಲದೆಡೆ ನನಗೇನು ಕೆಲಸವಿದೆ?”
ಬಾಕಿಯಿರಲೆಂದಜ್ಜ ಬಂಡೆಯಲಿ ಇದ್ದಿಲಲಿ
ಗೀಟೊಂದನೆಳೆದನು, ಅದರ ಮೇಲೆ ಮೂರು ಸಲ
ಹೊಳೆ ಬಂದು ತೊಳೆದರೂ ಗೀಟು ಹಾಗೇ ಇಹುದು.
ಬಡ್ಡಿಯನು ಕೇಳಲೊಲ್ಲನು ಅಜ್ಜ, ಅಸಲನ್ನು
ಬಿಡಲೊಲ್ಲ. ಚೈತ್ರದಲಿ ತೇರೇರಿ ಬರುವಾತ
ಹೊಳೆಯ ಕಡೆ ಮೊಗವೆತ್ತಿ ನೋಡದೇ ಸಾಗುವನು.
ಅಜ್ಜನೂ ಕೂಗುವನು ಕಾಣದವನಂತಿದ್ದು:
ಇನ್ನಿಬ್ಬರಿಗೆ ಜಾಗ, ಬರುವವರು ಬನ್ನಿರೋ,
ಸೈಕಲ್ಲಿಗರೆಹಣವು, ಕೋಳಿಗೇನಿಲ್ಲೆಂದು.