ಬಿಜೈ ಫ್ಲ್ಯಾಟಿನ ವಿಡಿಯೊ ಕೋರಿ ಮನೆ ಮಾಲೀಕರಿಗೆ ಪತ್ರ

ಕಲಬುರಗಿ
ಜೂನ್ 9, 2025

ಶ್ರೀ ವಾಸುದೇವ ರಾಯರಿಗೆ,
ಸುರತ್ಕಲ್

ವಿಷಯ: ಮಂಗಳೂರಿನ ಬಿಜೈಯಲ್ಲಿರುವ ತಮ್ಮ ಎರಡು ಕೋಣೆಗಳ ಫ್ಲ್ಯಾಟನ್ನು ಬಾಡಿಗೆಗೆ ಪಡೆಯುವ ಮುನ್ನ ಅದರ ಒಳ-ಹೊರಗಿನ ವಿಡಿಯೊ ಕೋರಿ.

ಮಾನ್ಯರೇ,

ನಮಸ್ಕಾರ. ಶನಿವಾರ ಸಂಜೆ ಫೋನಿನಲ್ಲಿ ಮಾತನಾಡಿದ ಬ್ಯಾಂಕ್ ನೌಕರ ಶರಣಬಸಪ್ಪ ನಾನು. ತಿಂಗಳಿಗೆ 18,000 ರೂಪಾಯಿ ಬಾಡಿಗೆ, ಒಂದು ಲಕ್ಷ ರೂಪಾಯಿ ಠೇವಣಿ, ಸೊಸೈಟಿಯ ನಿರ್ವಹಣಾ ವೆಚ್ಚ ಪ್ರತ್ಯೇಕ ಎಂದು ತಾವು ಹೇಳಿದ್ದು ನಮಗೆ ಒಪ್ಪಿಗೆಯಾಗಿದೆ. ಆ ವಿಷಯದಲ್ಲಿ ಮತ್ತೆ ಚೌಕಾಸಿ ಮಾಡುವ ಉದ್ದೇಶ ನನಗಿಲ್ಲ. ಅಂದೇ ರಾತ್ರಿ ತಾವು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೋಟೊಗಳನ್ನು ಮನೆಯವರೆಲ್ಲ ನೋಡಿದೆವು. ಮನೆ ಹಿಡಿಸಿದೆ. ಆದರೆ ನಮ್ಮ ತೀರ್ಮಾನಕ್ಕೆ ಮುಖ್ಯವಾದ ಕೆಲವು ಸಂಗತಿಗಳು ಫೋಟೊಗಳಲ್ಲಿ ತಿಳಿಯುವಂತಿಲ್ಲವಾದ್ದರಿಂದ, ಗೇಟಿನಿಂದ ಬಾಲ್ಕನಿಯವರೆಗೆ ನಡುವೆ ಎಲ್ಲೂ ನಿಲ್ಲಿಸದೆ ತೆಗೆದ ಒಂದು ವಿಡಿಯೊವನ್ನು ದಯವಿಟ್ಟು ಕಳಿಸಬೇಕೆಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನೇ ಬಂದು ನೋಡುವುದು ಸರಿಯಾದ ಕ್ರಮವೆಂದು ಬಲ್ಲೆ. ಆದರೆ ಕಲಬುರಗಿಯಿಂದ ಮಂಗಳೂರಿಗೆ ಬಂದು ಹೋಗುವುದೆಂದರೆ ಎರಡು ರಾತ್ರಿಗಳ ಪ್ರಯಾಣ, ಅದರ ಮೇಲೆ ರಜೆ. ಮಳೆಗಾಲದಲ್ಲಿ ಘಟ್ಟದ ರಸ್ತೆಯಲ್ಲಿ ಎಲ್ಲಾದರೂ ಗುಡ್ಡ ಜರಿದರೆ ಆ ಲೆಕ್ಕವೂ ತಪ್ಪುತ್ತದೆ. ಜುಲೈ 1ಕ್ಕೆ ನಾನು ಹೊಸ ಶಾಖೆಯಲ್ಲಿ ಹಾಜರಾಗಬೇಕಾಗಿರುವುದರಿಂದ ಅದಕ್ಕೆ ಮುನ್ನ ಒಂದು ಸಲವಷ್ಟೇ ಬರಲು ಸಾಧ್ಯ, ಆ ಒಂದು ಸಲ ಮನೆ ಹುಡುಕುವುದಕ್ಕಲ್ಲ, ಕರಾರಿಗೆ ಸಹಿ ಹಾಕುವುದಕ್ಕೆ ಬರಬೇಕೆಂಬುದು ನನ್ನ ಇಚ್ಛೆ. ತಮ್ಮ ಸಂಖ್ಯೆ ಕೊಟ್ಟ ನನ್ನ ಸಹೋದ್ಯೋಗಿ ಈಗ ಪುತ್ತೂರಿನ ಶಾಖೆಗೆ ಹೋಗಿರುವುದರಿಂದ, ನಮ್ಮ ಪರವಾಗಿ ನೋಡಿ ಹೇಳುವವರು ಮಂಗಳೂರಿನಲ್ಲಿ ಬೇರೆ ಯಾರೂ ಇಲ್ಲ.

ನನ್ನ ತಾಯಿಗೆ ಎಪ್ಪತ್ತಮೂರು ವರ್ಷ, ಮೊಣಕಾಲು ನೋವು ಇದೆ. ಫ್ಲ್ಯಾಟು ನಾಲ್ಕನೇ ಮಹಡಿಯಲ್ಲಿದೆ, ಲಿಫ್ಟ್ ಇದೆ ಎಂದು ತಾವು ಹೇಳಿದಿರಿ. ಆದರೆ ಗೇಟಿನಿಂದ ಲಿಫ್ಟಿನ ಬಾಗಿಲಿಗೆ ಎಷ್ಟು ಮೆಟ್ಟಿಲು ಹತ್ತಬೇಕು, ಹಿಡಿದುಕೊಳ್ಳಲು ಕಂಬಿ ಇದೆಯೇ, ಕರೆಂಟು ಹೋದಾಗ ಲಿಫ್ಟು ಜನರೇಟರಿನಿಂದ ನಡೆಯುತ್ತದೆಯೇ ಎಂಬುದನ್ನು ತಿಳಿಯಬೇಕಾಗಿದೆ. ಆದ್ದರಿಂದ ವಿಡಿಯೊವನ್ನು ಫ್ಲ್ಯಾಟಿನ ಬಾಗಿಲಿನಿಂದಲ್ಲ, ರಸ್ತೆಯ ಗೇಟಿನಿಂದಲೇ ಆರಂಭಿಸಬೇಕೆಂದು ವಿನಂತಿ. ಬಚ್ಚಲಿನ ಬಾಗಿಲ ಬಳಿ ಹೊಸ್ತಿಲು ಎತ್ತರವಾಗಿದ್ದರೆ ಅದನ್ನೂ, ಎರಡು ಶೌಚಾಲಯಗಳಲ್ಲಿ ಕಮೋಡ್ ಇರುವುದು ಯಾವುದರಲ್ಲಿ ಎಂಬುದನ್ನೂ ತೋರಿಸಿದರೆ ಅವರಿಗೆ ಯಾವ ಕೋಣೆ ಅನುಕೂಲವೆಂದು ಇಲ್ಲಿಂದಲೇ ನಿರ್ಧರಿಸಬಹುದು.

ನನಗೆ ಹೆಚ್ಚು ಅಳುಕಿರುವುದು ಮಳೆಯ ವಿಷಯದಲ್ಲಿ. ಕಲಬುರಗಿಯಲ್ಲಿ ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚಿನ ಮಳೆ ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ. ನಮ್ಮಂಥ ಬಿಸಿಲ ನಾಡಿನವರಿಗೆ ಅದರ ಅಂದಾಜೇ ಇರುವುದಿಲ್ಲ. ತಮ್ಮದು ಕಟ್ಟಡದ ಮೇಲಿನ ಮಹಡಿಯಾದ್ದರಿಂದ ತಾರಸಿಗೆ ಶೀಟಿನ ಮಾಡು ಹಾಕಿಸಿದೆಯೇ, ಅಥವಾ ನೀರು ನೇರವಾಗಿ ಸ್ಲ್ಯಾಬಿನ ಮೇಲೆ ಬೀಳುತ್ತದೆಯೇ ಎಂಬುದನ್ನು ಮೇಲೆ ಹೋಗಿ ಒಂದು ನಿಮಿಷ ತೋರಿಸಿದರೆ ದೊಡ್ಡ ಉಪಕಾರ. ಒಳಗೆ ಛಾವಣಿಯ ಮೂಲೆಗಳನ್ನು, ಕಿಟಕಿಗಳ ಕೆಳಗಿನ ಗೋಡೆಯನ್ನು, ಬಚ್ಚಲಿಗೆ ತಾಗಿದ ಕೋಣೆಯ ಗೋಡೆಯನ್ನು ಹತ್ತಿರದಿಂದ ನಿಧಾನವಾಗಿ ತೋರಿಸಬೇಕು. ಮರದ ಕಪಾಟುಗಳನ್ನೂ ತೆರೆದು ತೋರಿಸಿದರೆ ಬೂಷ್ಟು ಹಿಡಿದಿದೆಯೋ ಇಲ್ಲವೋ ತಿಳಿಯುತ್ತದೆ. ಎಲ್ಲಾದರೂ ತೇವದ ಕಲೆ ಇದ್ದರೆ ಅದರಿಂದಲೇ ನಾವು ಹಿಂದೆ ಸರಿಯುತ್ತೇವೆಂದು ತಾವು ಭಾವಿಸಬಾರದು. ಕರಾವಳಿಯಲ್ಲಿ ಒಂದಿಷ್ಟು ತೇವವಿಲ್ಲದ ಗೋಡೆ ಇರಲಾರದು ಎಂದು ಸಹೋದ್ಯೋಗಿಗಳೂ ಹೇಳುತ್ತಾರೆ. ಅದು ಹಳೆಯ ಕಲೆಯೋ ಈಗಲೂ ಒಸರುತ್ತಿದೆಯೋ ಎಂಬುದು ಮಾತ್ರ ನಮಗೆ ತಿಳಿದಿರಬೇಕು.

ಅಡುಗೆಮನೆಯಲ್ಲೂ ಬಚ್ಚಲಿನಲ್ಲೂ ನಲ್ಲಿಗಳನ್ನು ತಿರುಗಿಸಿ ನೀರಿನ ರಭಸ ತೋರಿಸಿ. ಫ್ರಿಜ್ ಇಡುವ ಜಾಗದ ಅಗಲಕ್ಕೆ ಟೇಪು ಹಿಡಿದರೆ ಸಾಕು. ಉಳಿದ ಕೋಣೆಗಳ ಮೇಲೆ ಒಮ್ಮೆ ಕ್ಯಾಮೆರಾ ಹಾಯಿಸಿದರಾಯಿತು, ಫೋಟೊಗಳಲ್ಲಿ ಅವು ಚೆನ್ನಾಗಿಯೇ ಕಾಣುತ್ತಿವೆ. ವಿಡಿಯೊದಲ್ಲಿ ತೋರಿಸಲಾಗದ ಒಂದು ಪ್ರಶ್ನೆಗೆ ಬಾಯಿಮಾತಿನ ಉತ್ತರವೇ ಬೇಕು: ಏಪ್ರಿಲ್, ಮೇ ತಿಂಗಳಲ್ಲಿ ತುಂಬೆಯಲ್ಲಿ ನೀರಿನ ಮಟ್ಟ ಇಳಿದು ಪಾಲಿಕೆಯವರು ನೀರು ಬಿಡುವುದನ್ನು ಕಡಿಮೆ ಮಾಡಿದಾಗ ಕಟ್ಟಡಕ್ಕೆ ಬಾವಿಯ ನೀರು ಒದಗುತ್ತದೆಯೇ, ಇಲ್ಲವೇ ಟ್ಯಾಂಕರ್ ತರಿಸಬೇಕಾಗುತ್ತದೆಯೇ, ತರಿಸಿದರೆ ಅದರ ಖರ್ಚು ನಿರ್ವಹಣಾ ವೆಚ್ಚದಲ್ಲೇ ಸೇರುತ್ತದೆಯೇ?

ಈಗಿರುವ ಬಾಡಿಗೆದಾರರು 20ರಂದು ಖಾಲಿ ಮಾಡುತ್ತಾರೆಂದು ಹೇಳಿದಿರಿ. ಅವರು ವಾಸವಿರುವಾಗ ಮನೆಯೊಳಗೆ ಚಿತ್ರೀಕರಿಸುವುದು ಅವರ ಒಪ್ಪಿಗೆಯಿಂದಲೇ ಆಗಬೇಕು. ಅವರ ಸಾಮಾನು, ಮಕ್ಕಳು, ದೇವರ ಕೋಣೆ ಇವೆಲ್ಲ ವಿಡಿಯೊದಲ್ಲಿ ಬರುವ ಅಗತ್ಯವಿಲ್ಲ, ಅವರು ಬಳಸುತ್ತಿರುವ ಕಪಾಟುಗಳನ್ನು ತೆರೆಯುವುದೂ ಬೇಡ. ಅವರಿಗೆ ಇಷ್ಟವಿಲ್ಲದಿದ್ದರೆ ಈಗ ಗೇಟು, ಲಿಫ್ಟು, ತಾರಸಿಯನ್ನಷ್ಟೇ ತೋರಿಸಿ, ಒಳಭಾಗವನ್ನು 21ರ ಶನಿವಾರ ಕಳಿಸಬಹುದು. ಅವರು ಒಪ್ಪಿದರೆ ಬರುವ 14ರ ಶನಿವಾರ ನನಗೆ ಅನುಕೂಲ. ಅಂದು ಎರಡನೇ ಶನಿವಾರವಾದ್ದರಿಂದ ಬ್ಯಾಂಕಿಗೆ ರಜೆ. ಹಗಲು ಹೊತ್ತಿನಲ್ಲಿ, ಪರದೆ ಸರಿಸಿ ತೆಗೆದರೆ ಬೆಳಕು ಎಷ್ಟು ಬರುತ್ತದೆಂಬುದೂ ತಿಳಿಯುತ್ತದೆ.

ಸುರತ್ಕಲ್‌ನಿಂದ ಬಂದು ಇದನ್ನೆಲ್ಲ ತೆಗೆಯುವುದು ತಮಗೆ ತೊಂದರೆಯೆನಿಸಿದರೆ ಕಟ್ಟಡದ ಕಾವಲುಗಾರರಿಂದಲೋ ತಮ್ಮ ಮನೆಯ ಕಿರಿಯರಿಂದಲೋ ಮಾಡಿಸಬಹುದು. ವಿಡಿಯೊ ದೊಡ್ಡದಾಗಿ ವಾಟ್ಸ್ಆ್ಯಪ್‌ನಲ್ಲಿ ಹೋಗದಿದ್ದರೆ ಎರಡು ಮೂರು ತುಂಡು ಮಾಡಿ ಕಳಿಸಿದರೂ ಆಗುತ್ತದೆ. ಚಿತ್ರೀಕರಿಸುವುದಕ್ಕಿಂತ ವಿಡಿಯೊ ಕರೆಯೇ ಸುಲಭವೆನಿಸಿದರೆ ಅದೂ ಸರಿ. ಆಗ ನೋಡಬೇಕಾದದ್ದನ್ನು ನಾನು ಅಲ್ಲಲ್ಲೇ ಕೇಳಿಕೊಳ್ಳಬಹುದು, ತಾಯಿಯವರೂ ಪಕ್ಕದಲ್ಲಿರುತ್ತಾರೆ.

ಇದನ್ನು ಅಪನಂಬಿಕೆಯೆಂದು ತಾವು ತಿಳಿಯಬಾರದು. ಯಾರದೋ ಮನೆಯ ಫೋಟೊ ಹಾಕಿ, ಮುಂಗಡ ಹಣ ಹಾಕಿಸಿಕೊಂಡು ಕಣ್ಮರೆಯಾಗುವವರ ಸುದ್ದಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರಿಗೆ ಹೊಸತಲ್ಲ, ಹೀಗಾಗಿ ನಾನು ಎಲ್ಲೇ ಆದರೂ ಇಷ್ಟು ಎಚ್ಚರ ವಹಿಸುತ್ತೇನೆ. ಅದೇ ರೀತಿ, ಮುಖ ನೋಡದವನಿಗೆ ಮನೆ ಕೊಡುವ ತಮಗೂ ನನ್ನ ಬಗ್ಗೆ ತಿಳಿಯುವ ಹಕ್ಕಿದೆ. ವರ್ಗಾವಣೆಯ ಆದೇಶ ಮತ್ತು ಬ್ಯಾಂಕಿನ ಗುರುತಿನ ಚೀಟಿಯ ಪ್ರತಿಗಳನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ. ಈಗಿನ ನಮ್ಮ ಮನೆ ಮಾಲೀಕರೊಂದಿಗೆ ಮಾತನಾಡಬೇಕೆನಿಸಿದರೆ ಅವರ ಸಂಖ್ಯೆಯನ್ನೂ ಕೊಡುತ್ತೇನೆ.

ವಿಡಿಯೊ ನೋಡಿ ಮನೆ ಒಪ್ಪಿಗೆಯಾದರೆ ಅಂದೇ ತಮ್ಮ ಬ್ಯಾಂಕ್ ಖಾತೆಗೆ 10,000 ರೂಪಾಯಿ ಮುಂಗಡ ಹಾಕುತ್ತೇನೆ. ಅದಾದ ಮೇಲೆ ಬೇರೆಯವರಿಗೆ ಮನೆ ತೋರಿಸುವುದನ್ನು ತಾವು ನಿಲ್ಲಿಸಬೇಕು. ಉಳಿದ ಠೇವಣಿಯನ್ನು 28ರಂದು, ನಾಲ್ಕನೇ ಶನಿವಾರ, ನಾನು ಅಲ್ಲಿಗೆ ಬಂದು 11 ತಿಂಗಳ ಕರಾರಿಗೆ ಸಹಿ ಹಾಕುವಾಗ ಕೊಡುತ್ತೇನೆ. ನಾನಾಗಿಯೇ ಮನಸ್ಸು ಬದಲಿಸಿದರೆ ಮುಂಗಡ ತಮ್ಮಲ್ಲೇ ಇರಲಿ. ವಿಡಿಯೊದಲ್ಲಿ ಕಂಡ ಮನೆಗೂ ಬಂದು ನೋಡಿದ ಮನೆಗೂ ದೊಡ್ಡ ವ್ಯತ್ಯಾಸವಿದ್ದರೆ ಮಾತ್ರ ಅದನ್ನು ಹಿಂದಿರುಗಿಸಬೇಕೆಂದು ಕೇಳಿಕೊಳ್ಳುತ್ತೇನೆ. ಇದಕ್ಕೆ ತಮ್ಮ ಒಪ್ಪಿಗೆಯನ್ನು ಒಂದು ಸಾಲಿನಲ್ಲಿ ಬರೆದು ಕಳಿಸಿದರೂ ಸಾಕು.

ಗುರುವಾರದೊಳಗೆ ತಮ್ಮ ಉತ್ತರ ಬಂದರೆ ಬಸ್ಸಿನ ಟಿಕೆಟನ್ನೂ ಸಾಮಾನು ಸಾಗಿಸುವ ಲಾರಿಯನ್ನೂ ಗೊತ್ತುಮಾಡಲು ಅನುಕೂಲವಾಗುತ್ತದೆ. ಶನಿವಾರ ಮಾತನಾಡಿದ ಸಂಖ್ಯೆಯಲ್ಲೇ ಸಂಜೆ ಆರರ ನಂತರ ಸಿಗುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಶರಣಬಸಪ್ಪ

ಲಗತ್ತು: ವರ್ಗಾವಣೆ ಆದೇಶದ ಪ್ರತಿ, ಬ್ಯಾಂಕ್ ಗುರುತಿನ ಚೀಟಿಯ ಪ್ರತಿ