ಹೊಸ ಬ್ಯಾಚ್‌ಗಳ ಬಗ್ಗೆ ಪೋಷಕರಿಗೊಂದು ಪತ್ರ

ಜಯನಗರ, ಬೆಂಗಳೂರು
28 ಮೇ 2026

ಆತ್ಮೀಯ ಪೋಷಕರೇ,

ನಮಸ್ಕಾರ. ಬೇಸಿಗೆ ಶಿಬಿರ ಮುಗಿಯಿತು, ಇನ್ನು ಶಾಲೆ ಶುರು. ಜೂನ್ ಎರಡನೇ ವಾರದಿಂದ ವರ್ಷಪೂರ್ತಿಯ ಕ್ರಿಕೆಟ್ ಬ್ಯಾಚ್‌ಗಳು ನಡೆಯುತ್ತವೆ. ಪ್ರತಿ ವರ್ಷ ಪಟ್ಟಿ ಹಾಕಿದ ದಿನ ರಾತ್ರಿಯೇ ನನಗೆ ಫೋನ್ ಬರುತ್ತವೆ. "ಸರ್, ಅವನ ಫ್ರೆಂಡ್ ಮೇಲಿನ ಬ್ಯಾಚ್‌ಗೆ ಹೋದ, ನಮ್ಮವನು ಯಾಕೆ ಇಲ್ಲೇ ಉಳಿದ?" ಕೇಳೋದರಲ್ಲಿ ತಪ್ಪೇನೂ ಇಲ್ಲ. ಗೇಟಿನ ಹತ್ತಿರ ನಿಂತು ಅರ್ಧಂಬರ್ಧ ಉತ್ತರ ಕೊಡುವುದಕ್ಕಿಂತ ಪಟ್ಟಿಗೆ ಮೊದಲೇ ಬರೆದು ತಿಳಿಸೋಣ ಅನ್ನಿಸಿತು.

ನಮ್ಮಲ್ಲಿ ವರ್ಷ ತುಂಬಿತು ಅಂತ ಯಾರನ್ನೂ ಪಾಸ್ ಮಾಡಿ ಮೇಲಕ್ಕೆ ಕಳಿಸುವುದಿಲ್ಲ. ಮಗು ಯಾವ ಚೆಂಡನ್ನು ಹೆದರದೆ, ಪೆಟ್ಟು ಮಾಡಿಕೊಳ್ಳದೆ ಆಡಬಲ್ಲದು ಅನ್ನೋದನ್ನು ನೋಡಿ ಬ್ಯಾಚ್ ಕೊಡುತ್ತೇವೆ. ವಯಸ್ಸು ಒಂದು ಗೆರೆ ಎಳೆಯುತ್ತದೆ. ಆ ಗೆರೆಯೊಳಗೆ ಆಟ ನೋಡಿ ಗುಂಪು ಮಾಡುತ್ತೇವೆ.

6ರಿಂದ 9 ವರ್ಷದ ಮಕ್ಕಳಿಗೆ ಟೆನಿಸ್ ಬಾಲ್, 16 ಗಜದ ಪಿಚ್, ಶನಿವಾರ ಮತ್ತು ಭಾನುವಾರ ಬೆಳಗ್ಗೆ 7.30ರಿಂದ 9. ಇಲ್ಲಿ ಗುಂಪು ಗಿಂಪು ಏನೂ ಇಲ್ಲ, ಎಲ್ಲರೂ ಒಟ್ಟಿಗೆ. ಓಡಬೇಕು, ಎಸೆಯಬೇಕು, ಹಿಡಿಯಬೇಕು, ನಗಬೇಕು. ಈ ವಯಸ್ಸಲ್ಲೇ ಕವರ್ ಡ್ರೈವ್ ಕಲಿಸಿ ಅಂತ ದಯವಿಟ್ಟು ಕೇಳಬೇಡಿ.

9ರಿಂದ 12ರ ಬ್ಯಾಚ್‌ನಲ್ಲೇ ಫೋನ್ ಜಾಸ್ತಿ ಬರುವುದು. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲ್ಲಿ ಎರಡು ಗುಂಪು. ಒಂದಕ್ಕೆ ಸಿಂಥೆಟಿಕ್ ಬಾಲ್, ಇನ್ನೊಂದಕ್ಕೆ ಜೂನಿಯರ್ ಲೆದರ್ ಬಾಲ್. ದೊಡ್ಡವರು ಆಡುವ ಚೆಂಡು 156ರಿಂದ 163 ಗ್ರಾಂ ತೂಗುತ್ತದೆ. ಜೂನಿಯರ್ ಚೆಂಡು 133ರಿಂದ 144 ಗ್ರಾಂ. ಕೈಯಲ್ಲಿ ಹಿಡಿದರೆ ದೊಡ್ಡ ವ್ಯತ್ಯಾಸ ಅನ್ನಿಸದು, ತೊಡೆಗೆ ಬಿದ್ದಾಗ ಗೊತ್ತಾಗುತ್ತದೆ.

ಸಿಂಥೆಟಿಕ್‌ನಿಂದ ಲೆದರ್‌ಗೆ ಕಳಿಸುವ ಮೊದಲು ನಾವು ಎಷ್ಟು ದೂರ ಹೊಡೆದ ಅಂತ ನೋಡುವುದಿಲ್ಲ. ಮಗುವಿನ ಕಾಲು ನೋಡುತ್ತೇವೆ. ಚೆಂಡು ಮೈ ಮೇಲೆ ಬಂದಾಗ ಬಲಗೈ ಆಟಗಾರನ ಹಿಂದಿನ ಕಾಲು ಸ್ಕ್ವೇರ್ ಲೆಗ್ ಕಡೆಗೆ ಜಾರುತ್ತದಾ? ತಲೆ ಪಕ್ಕಕ್ಕೆ ತಿರುಗುತ್ತದಾ, ಕಣ್ಣು ಮುಚ್ಚುತ್ತದಾ? ನೀವು ನೆಟ್ಸ್ ಹಿಂದೆ ನಿಂತು ನೋಡಿದರೆ ಬ್ಯಾಟ್ ಬೀಸಿದ್ದು ಮಾತ್ರ ಕಾಣುತ್ತದೆ. ಬೌಲರ್ ಕಡೆ ನಿಂತವರಿಗೆ ಆ ಕಾಲು ಚೆನ್ನಾಗಿ ಕಾಣುತ್ತದೆ. ಟೆನಿಸ್ ಬಾಲ್‌ನಲ್ಲಿ ಸಿಕ್ಸರ್ ಮೇಲೆ ಸಿಕ್ಸರ್ ಬಾರಿಸುವ ಎಷ್ಟೋ ಮಕ್ಕಳ ಕಾಲು ಲೆದರ್ ಬಾಲ್ ಕಂಡ ಕೂಡಲೇ ಹೀಗೆ ಓಡುತ್ತದೆ. ಅಂಥ ಮಗುವನ್ನು ಮೇಲಕ್ಕೆ ತಳ್ಳಿದರೆ ಭಯ ಮೈಗೆ ಹತ್ತಿಬಿಡುತ್ತದೆ. ಅದನ್ನು ಬಿಡಿಸೋಕೆ ಎರಡು ಸೀಸನ್ ಬೇಕು. ಸಿಂಥೆಟಿಕ್‌ನಲ್ಲಿ ಇನ್ನು ನಾಲ್ಕು ತಿಂಗಳು ಥ್ರೋಡೌನ್ ಆಡಿದರೆ ಆ ಕಾಲು ತಾನಾಗೇ ನಿಲ್ಲುತ್ತದೆ. ಎರಡೂ ಗುಂಪಿಗೆ ಕೋಚ್ ಒಬ್ಬರೇ, ಫೀಸೂ ಒಂದೇ.

12ರವರೆಗೆ ಬ್ಯಾಟರ್, ಬೌಲರ್ ಅಂತ ಬೇರೆ ಮಾಡುವುದೂ ಇಲ್ಲ. ನಮ್ಮೂರಲ್ಲೇ ಬೆಳೆದ ರಾಹುಲ್ ದ್ರಾವಿಡ್ ಜೂನಿಯರ್ ದಿನಗಳಲ್ಲಿ ವಿಕೆಟ್ ಕೀಪರ್ ಆಗಿದ್ದರು. ಅನಿಲ್ ಕುಂಬ್ಳೆ ಮೊದಲು ಹಾಕುತ್ತಿದ್ದದ್ದು ಮೀಡಿಯಂ ಪೇಸ್. ಹತ್ತು ವರ್ಷದ ಹುಡುಗ ಏನಾಗುತ್ತಾನೆ ಅಂತ ಈಗಲೇ ಹೇಳುವಷ್ಟು ಜಾಣ ನಾನಲ್ಲ.

12ರಿಂದ 15ರವರಿಗೆ ಪೂರ್ತಿ 22 ಗಜ, ಮ್ಯಾಟಿಂಗ್ ವಿಕೆಟ್, ಲೆದರ್ ಬಾಲ್. ಮಂಗಳವಾರ, ಗುರುವಾರ ಸಂಜೆ 4.30ಕ್ಕೆ, ಭಾನುವಾರ ಬೆಳಗ್ಗೆ 6.30ಕ್ಕೆ. ಹೆಲ್ಮೆಟ್ ಇಲ್ಲದೆ ನೆಟ್ಸ್ ಒಳಗೆ ಬಿಡುವುದಿಲ್ಲ. ಈ ವಯಸ್ಸಲ್ಲಿ ಮಕ್ಕಳು ಒಮ್ಮೆಗೇ ಉದ್ದ ಆಗುತ್ತಾರೆ. ಹೋದ ವರ್ಷ ಚೆನ್ನಾಗಿ ಬೌಲ್ ಮಾಡುತ್ತಿದ್ದವನ ಲೈನ್ ಲೆಂತ್ ಈ ವರ್ಷ ಎಲ್ಲೋ ಹೋಗಿರುತ್ತದೆ. ಬೈಯಬೇಡಿ, ಹೊಸ ಕೈಕಾಲಿನ ಅಳತೆ ಅವನಿಗಿನ್ನೂ ಸಿಕ್ಕಿಲ್ಲ ಅಷ್ಟೇ. ಫಾಸ್ಟ್ ಬೌಲರ್‌ಗಳಿಗೆ ಮಾತ್ರ ಒಂದು ಕಟ್ಟುನಿಟ್ಟು ಇದೆ: ಒಂದು ನೆಟ್ಸ್‌ಗೆ 30 ಎಸೆತ, ಅದರ ಮೇಲೆ ಒಂದೂ ಇಲ್ಲ. ಬೆಳೆಯುವ ವಯಸ್ಸಲ್ಲಿ ಜಾಸ್ತಿ ಬೌಲ್ ಮಾಡಿದರೆ ಸೊಂಟದ ಹತ್ತಿರ ಬೆನ್ನುಮೂಳೆಯಲ್ಲಿ ಸಣ್ಣ ಬಿರುಕು ಬರಬಹುದು. ಶಾಲೆಯ ಮ್ಯಾಚ್, ಅಪಾರ್ಟ್‌ಮೆಂಟ್ ಟೂರ್ನಿ ಇದ್ದರೆ ನನಗೆ ಮೊದಲೇ ಹೇಳಿ. ಆ ವಾರ ಇಲ್ಲಿ ಕಡಿಮೆ ಮಾಡೋಣ.

15 ದಾಟಿದವರ ಬ್ಯಾಚ್ ಬೆಳಗ್ಗೆ 6ಕ್ಕೆ. ಅವರ ವೇಳಾಪಟ್ಟಿ ಲೀಗ್ ಮ್ಯಾಚ್‌ಗಳ ಮೇಲೆ ನಿಂತಿರುತ್ತದೆ, ಪ್ರತ್ಯೇಕವಾಗಿ ಮಾತಾಡುತ್ತೇನೆ.

ಇನ್ನು ವಯಸ್ಸಿನ ಲೆಕ್ಕ. ಬಿಸಿಸಿಐ ಟೂರ್ನಿಗಳಲ್ಲಿ ವಯಸ್ಸು ಎಣಿಸುವುದು ಸೆಪ್ಟೆಂಬರ್ 1ಕ್ಕೆ. ನಾವೂ ಅದನ್ನೇ ಇಟ್ಟುಕೊಂಡಿದ್ದೇವೆ. ಇದರಲ್ಲೊಂದು ತೊಡಕಿದೆ. ಸೆಪ್ಟೆಂಬರ್ 3ಕ್ಕೆ ಹುಟ್ಟಿದವನೂ ಮುಂದಿನ ಆಗಸ್ಟ್ 28ಕ್ಕೆ ಹುಟ್ಟಿದವನೂ ಒಂದೇ ಗುಂಪಿಗೆ ಬರುತ್ತಾರೆ. ನಡುವೆ ಸುಮಾರು ಒಂದು ವರ್ಷದ ಅಂತರ! ಹತ್ತು ವರ್ಷದ ಮಕ್ಕಳಲ್ಲಿ ಅದು ಸುಮಾರು ಎರಡು ಇಂಚು ಎತ್ತರ. ದೊಡ್ಡವನು ಜೋರಾಗಿ ಹೊಡೆಯುತ್ತಾನೆ, ನೋಡಿದವರು ಟ್ಯಾಲೆಂಟ್ ಅನ್ನುತ್ತಾರೆ. ಚಿಕ್ಕವನು ಮಂಕಾಗುತ್ತಾನೆ. ಅದಕ್ಕೇ ಗುಂಪು ಮಾಡುವಾಗ ಹುಟ್ಟಿದ ತಿಂಗಳನ್ನೂ ಪಕ್ಕದಲ್ಲಿ ಬರೆದುಕೊಳ್ಳುತ್ತೇವೆ. ಜೂನ್, ಜುಲೈ, ಆಗಸ್ಟ್‌ನಲ್ಲಿ ಹುಟ್ಟಿದ ಮಕ್ಕಳಿಗೆ ಸ್ವಲ್ಪ ಕಾಯುತ್ತೇವೆ.

ಜನನ ಪ್ರಮಾಣಪತ್ರದ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. 16ರೊಳಗಿನ ಹುಡುಗರ ಮಟ್ಟದಲ್ಲಿ ಬಿಸಿಸಿಐ ಮಣಿಕಟ್ಟಿನ ಎಕ್ಸ್‌ರೇ ತೆಗೆದು ವಯಸ್ಸು ನೋಡುತ್ತದೆ. ಇಲ್ಲಿ ಒಂದು ವರ್ಷ ಕಮ್ಮಿ ಬರೆಸಿದರೆ ಅಲ್ಲಿ ಮಗು ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ.

ಹೆಣ್ಣುಮಕ್ಕಳು 12ರವರೆಗೆ ಹುಡುಗರ ಜೊತೆಯಲ್ಲೇ ಆಡುತ್ತಾರೆ, ಅಳತೆ ಎಲ್ಲರಿಗೂ ಒಂದೇ. ಆಮೇಲೆ ಅವರಿಗೆ 140ರಿಂದ 151 ಗ್ರಾಂನ ಚೆಂಡಿನಲ್ಲಿ ಬೇರೆ ನೆಟ್ಸ್ ಇರುತ್ತದೆ. 15ರೊಳಗಿನವರ, 19ರೊಳಗಿನವರ ಟೂರ್ನಿಗಳು ಇರುವುದರಿಂದ ಆ ಚೆಂಡಿಗೆ ಕೈ ಪಳಗಬೇಕು. ಹುಡುಗರ ನೆಟ್ಸ್‌ನಲ್ಲೂ ಆಡುತ್ತೇನೆ ಅಂದರೆ ಖಂಡಿತ ಬರಲಿ.

ಗುಂಪು ಬದಲಾವಣೆ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್‌ನಲ್ಲಿ. ಕೆಲವರು ಕೆಳಗಿನ ಗುಂಪಿಗೂ ಬರಬಹುದು. ಗಾಯ ಆಗಿ, ಪರೀಕ್ಷೆ ಅಂತ ಮೂರು ತಿಂಗಳು ಬಿಟ್ಟು ಬಂದವರಿಗೆ ಅದೇ ಒಳ್ಳೆಯದು. ಈ ಸುದ್ದಿಯನ್ನು ಮಗುವಿಗೆ ನಾನೇ ಹೇಳುತ್ತೇನೆ. ಕಾರಲ್ಲಿ ಹೋಗುವಾಗ "ಯಾಕೋ ಇಳಿಸಿದ್ರು?" ಅಂತ ಕೇಳಬೇಡಿ. ವಾಟ್ಸಾಪ್ ಗ್ರೂಪ್‌ನಲ್ಲಿ ಬೇರೆ ಮಕ್ಕಳ ಹೆಸರು ಎತ್ತಿ ಹೋಲಿಸುವುದೂ ಬೇಡ. ಪ್ರಶ್ನೆ ಇದ್ದರೆ ಬುಧವಾರ ಸಂಜೆ 6ರಿಂದ 7 ನಾನು ಗ್ರೌಂಡಿನಲ್ಲೇ ಇರುತ್ತೇನೆ.

ಇನ್ನೊಂದು ಮಾತು, ಬ್ಯಾಟ್ ಬಗ್ಗೆ. ಬೆಳೆಯುತ್ತಾನೆ ಅಂತ ಯೂನಿಫಾರ್ಮ್ ದೊಡ್ಡದು ಹೊಲಿಸಿದ ಹಾಗೆ ಬ್ಯಾಟ್ ತರಬೇಡಿ. ಸೈಜ್ 4 ಆಡುವವನ ಕೈಗೆ ಸೈಜ್ 6 ಕೊಟ್ಟರೆ ಕೆಳಗಿನ ಕೈಯಲ್ಲೇ ಎತ್ತಿ ಬೀಸುವ ಅಭ್ಯಾಸ ಆಗುತ್ತದೆ. ಅಂಗಡಿಗೆ ಹೋಗುವ ಮೊದಲು ನನ್ನನ್ನೊಮ್ಮೆ ಕೇಳಿ.

ಜೂನ್ 6, ಶನಿವಾರ ಬೆಳಗ್ಗೆ 7ಕ್ಕೆ 9ರಿಂದ 15ರ ಮಕ್ಕಳೆಲ್ಲರ ಆಟ ನೋಡುತ್ತೇವೆ. ಒಬ್ಬೊಬ್ಬರಿಗೆ 24 ಎಸೆತ ಬ್ಯಾಟಿಂಗ್, 12 ಎಸೆತ ಬೌಲಿಂಗ್, ಹತ್ತು ಕ್ಯಾಚ್. ಶಿಬಿರದಲ್ಲಿ ನೋಡಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ, ಒಂದು ದಿನ ಕೆಟ್ಟರೆ ಚಿಂತೆ ಬೇಡ. ಬಿಳಿ ಬಟ್ಟೆ, ಶೂ, ಗಾರ್ಡ್, ನೀರಿನ ಬಾಟಲ್, ಜನನ ಪ್ರಮಾಣಪತ್ರದ ಒಂದು ಜೆರಾಕ್ಸ್ ತನ್ನಿ. ಹಿಂದಿನ ರಾತ್ರಿ ಜೋರು ಮಳೆ ಬಂದು ಮ್ಯಾಟ್ ಒದ್ದೆಯಾಗಿದ್ದರೆ ಬೆಳಗ್ಗೆ 5.30ಕ್ಕೆ ಗ್ರೂಪ್‌ನಲ್ಲಿ ಮೆಸೇಜ್ ಹಾಕುತ್ತೇನೆ. ಹಾಗಾದರೆ ಭಾನುವಾರ ಅದೇ ಸಮಯಕ್ಕೆ.

ಇಂತಿ,
ಹೆಡ್ ಕೋಚ್