ಎರೆಹೊಲದ ಬಣ್ಣಗಳು: ಸಂಕ್ರಾಂತಿಗೆ ಇಳಕಲ್ ಸೀರೆ

ಈ ಸಲದ ಬಣ್ಣಗಳಿಗೆ ಇಳಕಲ್ ಸುತ್ತಲಿನ ಹೊಲ, ಕಲ್ಲು, ಅಡುಗೆಮನೆಯಿಂದಲೇ ಹೆಸರು ತಂದಿದ್ದೇವೆ. ಫೋನಿನಲ್ಲಿ ಹೆಸರು ಹೇಳಿದರೆ ಸಾಕು, ನಿಮಗೂ ನಮಗೂ ಒಂದೇ ಬಣ್ಣ ಕಣ್ಣಿಗೆ ಬರಬೇಕು. ಗಿರಿಕುಂಕುಮ, ದಾಳಿಂಬೆ, ಗಿಳಿಹಸಿರು, ನವಿಲುಗರಿ ಎಂಬ ಹಳೆಯ ಹೆಸರುಗಳನ್ನು ಮುಟ್ಟಿಲ್ಲ. ಅವು ಯಾವಾಗಲೂ ಇರುತ್ತವೆ, ಕೇಳಿ ಪಡೆಯಿರಿ.

ಎಲ್ಲ ಸೀರೆಗಳೂ ಕೈಮಗ್ಗದವು. ಮೈ ಹತ್ತಿ, ದಡಿ ಮತ್ತು ಸೆರಗು ರೇಷ್ಮೆ. ಸೆರಗಿನ ಹಾಸನ್ನು ಮೈಯ ಹಾಸಿಗೆ ಕೊಂಡಿ ಹಾಕಿ ಸೇರಿಸಿದ್ದೇವೆ. ಬೇರೆ ಹೇಳದಿದ್ದರೆ ಸೆರಗು ಕೆಂಪು-ಬಿಳಿಯ ತೋಪ ತೆನಿ.

ಎರೆ (01)
ಮಳೆ ಕುಡಿದ ಎರೆಮಣ್ಣು. ಹಾಸು ಕಪ್ಪು, ಹೊಕ್ಕು ಗಾಢ ಕಂದು. ಹಾಗಾಗಿ ಇದು ಒಣ ಕಪ್ಪಲ್ಲ. ಬಿಸಿಲಿಗೆ ಬಂದರೆ ಒಳಗಿನ ಕಂದು ಮೇಲೆ ತೇಲುತ್ತದೆ, ಮನೆಯೊಳಗೆ ಪೂರ್ತಿ ಕಪ್ಪು. ಸಂಕ್ರಾಂತಿಗೆ ಕಪ್ಪು ಉಡುವ ಮನೆಗಳವರು ಮೊದಲು ಇದನ್ನು ನೋಡಿ. ಗೋಮಿ ದಡಿ. ಕಸೂತಿ ಹಾಕಿಸುವ ಆಸೆ ಇದ್ದರೆ ಇದಕ್ಕಿಂತ ಒಳ್ಳೆಯ ಮೈ ಸಿಗಲಿಕ್ಕಿಲ್ಲ. ಬಿಳಿ, ಕೇಸರಿ, ಹಸಿರು ಎಳೆಗಳು ಇದರ ಮೇಲೆ ಎದ್ದು ಕಾಣುತ್ತವೆ. ಗೋಪುರ, ತೇರು, ತುಳಸಿಕಟ್ಟೆ ಯಾವುದಾದರೂ ಸರಿ.

ಸೀತನಿ (02)
ಹಾಲು ತುಂಬಿದ ಎಳೆ ಜೋಳದ ಹಸಿರು. ಹಾಸು ಕೆನೆ ಬಿಳಿ, ಹೊಕ್ಕು ತಿಳಿ ಹಸಿರು. ದೂರದಿಂದ ಬಿಳಿ ಎನಿಸುತ್ತದೆ, ಹತ್ತಿರ ಬಂದಾಗ ಹಸಿರು. ಕೆಂಪು ಸೆರಗು ಇದಕ್ಕೆ ಜಾಸ್ತಿ ಆಗುತ್ತದೆ ಅನ್ನಿಸಿತು. ಅದಕ್ಕೆ ಈ ಒಂದಕ್ಕೆ ಮಾತ್ರ ಗುಲಾಬಿ ಸೆರಗು ಕೊಟ್ಟಿದ್ದೇವೆ.

ಕುಸುಬಿ ಹೂ (03)
ನಮ್ಮ ನೇಕಾರರೆಲ್ಲ ಮೆಚ್ಚಿದ ಬಣ್ಣ. ಕುಸುಬಿ ಅರಳುವಾಗ ಹಳದಿ, ಬಾಡುತ್ತಾ ಕೆಂಪಿಗೆ ತಿರುಗುತ್ತದೆ. ಒಂದೇ ಹೊಲದಲ್ಲಿ ಎರಡೂ ಒಟ್ಟಿಗೆ ಕಾಣುತ್ತವೆ ಅಲ್ವಾ, ಆ ನಡುವಿನ ಬಣ್ಣವೇ ಇದು. ಹಾಸು ಹಳದಿ, ಹೊಕ್ಕು ಕೆಂಗಿತ್ತಳೆ. ನೆರಿಗೆ ಹಿಡಿದಾಗ ಮಡಿಕೆಯ ಒಳಗೆ ಕೆಂಪು, ಮೇಲೆ ಹಳದಿ. ಹಿಂದೆ ಇದೇ ಹೂವಿನಿಂದ ಬಟ್ಟೆಗೆ ಬಣ್ಣ ತೆಗೆಯುತ್ತಿದ್ದರು. ನಮ್ಮದು ಕಾರ್ಖಾನೆಯ ಬಣ್ಣ, ಹೂವಿನದಲ್ಲ. ಅದನ್ನು ಮುಚ್ಚಿಡುವುದಿಲ್ಲ. ಪರಾಸಪೇಟ ದಡಿ.

ಕಡಲೆ ಹೂ (04)
ಗುಲಾಬಿಯೂ ಅಲ್ಲ, ನೇರಳೆಯೂ ಅಲ್ಲ. ಎಲೆ ಸರಿಸಿ ನೋಡಿದರೆ ಮಾತ್ರ ಕಾಣುವ ಪುಟ್ಟ ಹೂವಿನ ಬಣ್ಣ. ಗಾಡಿ ದಡಿ. ಕಾಲೇಜಿಗೆ ಹೋಗುವ ಹುಡುಗಿಯರಿಗೂ ಒಪ್ಪುತ್ತದೆ.

ಸುಲಗಾಯಿ (05)
ಹಸಿ ಕಡಲೆಯ ಸಿಪ್ಪೆ, ಸ್ವಲ್ಪ ಬೂದಿ ಬೆರೆತ ಹಸಿರು. ದಿನಾ ಉಡಲು.

ಮುಳಗಾಯಿ (06)
ಎಣ್ಣೆಗಾಯಿಗೆ ಆರಿಸಿದ ಎಳೆ ಬದನೆಯ ನೇರಳೆ. ತೊಟ್ಟಿನ ಹಸಿರನ್ನು ದಡಿಗೆ ತಂದಿದ್ದೇವೆ.

ರಂಜಕ (07)
ಹಸಿ ಕೆಂಪು ಮೆಣಸಿನಕಾಯಿ ಅರೆದ ಬಣ್ಣ. ಗಿರಿಕುಂಕುಮಕ್ಕಿಂತ ಉರಿ ಹೆಚ್ಚು, ಒಳಗೆ ಕಿತ್ತಳೆಯ ಛಾಯೆ. ಮದುವೆ ಮನೆಯಲ್ಲಿ ನೂರು ಜನರ ನಡುವೆ ಗುರುತು ಸಿಗಬೇಕು ಅನ್ನುವವರಿಗೆ.

ಕೆಂಗಲ್ಲು (08)
ಇಳಕಲ್ಲಿಗೆ ಸೀರೆಯಷ್ಟೇ ಹೆಸರು ತಂದದ್ದು ಅದರ ಕೆಂಪು ಗ್ರಾನೈಟ್. ಪಾಲಿಶ್ ಆದ ಕಲ್ಲನ್ನು ನೋಡಿ: ಮಾಸಲು ಕೆಂಪಿನಲ್ಲಿ ಕಪ್ಪು ಕಣ. ಹಾಸು ಇಟ್ಟಿಗೆಗೆಂಪು, ಹೊಕ್ಕಿನಲ್ಲಿ ಕೆಂಪು ಮತ್ತು ಕಪ್ಪು ನೂಲನ್ನು ಹುರಿ ಮಾಡಿ ಹಾಕಿದ್ದೇವೆ. ಕಣ ಎಲ್ಲಿ ಬೀಳುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ, ಎರಡು ಸೀರೆ ಒಂದೇ ಥರ ಇರುವುದಿಲ್ಲ. ಚಿತ್ರದಲ್ಲಿದ್ದದ್ದೇ ಬೇಕು ಅನ್ನುವವರು ದಯವಿಟ್ಟು ಇದನ್ನು ಆರಿಸಬೇಡಿ.

ಅಗಸ್ತ್ಯ ತೀರ್ಥ (09)
ಬಾದಾಮಿಯ ಹೊಂಡದ ಪಾಚಿ ಹಸಿರು. ಸುತ್ತಲಿನ ಮರಳುಗಲ್ಲಿನ ಕೆಂಪು ಗಾಡಿ ದಡಿಯಲ್ಲಿದೆ.

ಕೆನೆಮೊಸರು (10)
ಬಿಳಿಯಲ್ಲ, ಮೊಸರಿನ ಮೇಲಿನ ಕೆನೆ. ಗೋಮಿ ದಡಿ. ವಯಸ್ಸಾದ ಅಮ್ಮಂದಿರಿಗೆಂದು ನೇಯಿಸಿದೆವು, ಎಲ್ಲರಿಗೂ ಚೆನ್ನಾಗಿದೆ.

ಬೆಲೆ: 02, 04, 05, 10 ತಲಾ 3,200 ರೂಪಾಯಿ. ಕೆಂಗಲ್ಲು 4,400. ಉಳಿದವು 3,800. ಉದ್ದ ಆರು ಗಜ, ರವಿಕೆ ಕಣ ಸೇರಿ. ಎರೆ ಮತ್ತು ಗಿರಿಕುಂಕುಮದಲ್ಲಿ ಒಂಬತ್ತು ಗಜವೂ ಇದೆ, ಅದಕ್ಕೆ 900 ರೂಪಾಯಿ ಹೆಚ್ಚು.

ಮೊದಲ ಎರಡು ಒಗೆತಕ್ಕೆ ತಣ್ಣೀರು, ಬೇರೆ ಬಕೆಟ್. ನೆನೆಸಿಡಬೇಡಿ. ಎರೆ, ರಂಜಕ, ಮುಳಗಾಯಿ ಮೊದಲಿಗೆ ಸ್ವಲ್ಪ ಬಣ್ಣ ಬಿಡುತ್ತವೆ. ನೆರಳಿನಲ್ಲಿ ಒಣಗಿಸಿ.

ಫೋನಿನ ಪರದೆಯಲ್ಲಿ ಸೀತನಿ ಮತ್ತು ಕೆನೆಮೊಸರು ಒಂದೇ ಥರ ಕಾಣಬಹುದು. ಅನುಮಾನ ಇದ್ದರೆ ಹೆಸರೋ ಸಂಖ್ಯೆಯೋ ತಿಳಿಸಿ. ಆ ಬಣ್ಣದ ಹಾಸು-ಹೊಕ್ಕಿನ ನೂಲನ್ನು ಅಂಚೆಯಲ್ಲಿ ಕಳಿಸುತ್ತೇವೆ. ಬಿಸಿಲಿನಲ್ಲಿ ಹಿಡಿದು ನೋಡಿ, ಆಮೇಲೆ ಆರ್ಡರ್ ಕೊಡಿ.